ಮೊಳೆಯದ ಭತ್ತ: ಶಂಕರಘಟ್ಟದಿಂದ ಬೀಜದಂಗಡಿಗೊಂದು ಪತ್ರ

‘ಅಣ್ಣನವರಿಗೆ ನಮಸ್ಕಾರ. ನಮ್ಮಪ್ಪನ ಕಾಲದಿಂದಲೂ ನಿಮ್ಮ ಅಂಗಡಿಯಲ್ಲೇ ಬೀಜ ತರುತ್ತಿದ್ದೇವೆ. ಈ ಬೇಸಿಗೆ ಬೆಳೆಗೆ ತಂದ 25 ಕಿಲೋ ಐಆರ್-64 ಚೀಲದ ಬೀಜ ಸರಿಯಾಗಿ ಮೊಳೆತಿಲ್ಲ. ಚೀಟಿಯಲ್ಲಿ ಮೊಳಕೆ ಕನಿಷ್ಠ ಶೇ 80 ಎಂದಿದೆ. ಬಿಲ್ಲಿನ ನಕಲು, ಚೀಟಿಯ ಫೋಟೊ ಜೊತೆಗಿಟ್ಟಿದ್ದೇನೆ. ಖಾಲಿ ಚೀಲ ಮತ್ತು ಉಳಿದ ಬೀಜ ನನ್ನ ಬಳಿಯೇ ಇವೆ.’

ಭದ್ರಾ ನಾಲೆಯ ನೀರು ನಂಬಿ ಗದ್ದೆ ಮಾಡುವ ಶಂಕರಘಟ್ಟದ ಯುವ ರೈತನೊಬ್ಬ ಬೀಜ ವ್ಯಾಪಾರಿಗೆ ಬರೆದ ಪತ್ರ ಹೀಗೆ ಶುರುವಾಗುತ್ತದೆ. ಇದರಲ್ಲಿ ಬೈಗುಳವಿಲ್ಲ, ಲೆಕ್ಕವಿದೆ. ಅದಕ್ಕೇ ಇದು ಗಟ್ಟಿ ಪತ್ರ.

ಸಸಿಮಡಿ ಅಲ್ಲಲ್ಲಿ ಬೋಳಾಗಿದ್ದನ್ನು ಕಂಡ ಮೇಲೆ ಆತ ಉಳಿದ ಬೀಜದಿಂದ ಆರಿಸದೆ, ಕೈಗೆ ಬಂದಂತೆ 400 ಕಾಳು ಎಣಿಸಿದ. ನೂರು ನೂರರಂತೆ ನಾಲ್ಕು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ. ಬೀಜ ಪರೀಕ್ಷಾ ಪ್ರಯೋಗಾಲಯದಲ್ಲೂ 400 ಕಾಳನ್ನೇ ಇಡುತ್ತಾರೆ; ಭತ್ತಕ್ಕೆ ಕೊನೆಯ ಎಣಿಕೆ 14ನೇ ದಿನ. ಈತನ ಬಟ್ಟೆಗಳಲ್ಲಿ ಮೊಳೆತದ್ದು 58, 61, 55, 62. ಸರಾಸರಿ ಶೇ 59. ಪಕ್ಕದ ಗದ್ದೆಯವರ ಬೇರೆ ಲಾಟಿನ ಬೀಜವನ್ನೂ ಅದೇ ನೀರು, ಅದೇ ಜಾಗದಲ್ಲಿ ಇಟ್ಟಿದ್ದ. ಅದು ಶೇ 87 ಮೊಳೆಯಿತು. ‘ನೀವು ನೆನೆಹಾಕಿದ್ದೇ ಸರಿಯಿಲ್ಲ’ ಎಂಬ ಮಾತಿಗೆ ಉತ್ತರ ಅಲ್ಲಿಯೇ ಸಿಕ್ಕಿತು.

ಆದರೆ ಮೊಳೆಯದ ಕಾಳೆಲ್ಲ ಸತ್ತ ಕಾಳಲ್ಲ. ಮುಂಗಾರಿನ ಭತ್ತ ಕೊಯ್ಲಾಗಿ ಕೆಲವೇ ವಾರಗಳಲ್ಲಿ ಬೇಸಿಗೆ ಬೆಳೆಗೆ ಬೀಜವಾಗಿ ಬಂದರೆ ಅದು ಇನ್ನೂ ಸುಪ್ತಾವಸ್ಥೆಯಲ್ಲಿ ಇರಬಹುದು. ಜೀವವಿರುತ್ತದೆ, ಆದರೆ ನೀರು ಕುಡಿದರೂ ಎಚ್ಚರವಾಗುವುದಿಲ್ಲ. ಪರೀಕ್ಷೆ ಮುಗಿದ ದಿನ ಅಂಥ ಕಾಳನ್ನು ಒತ್ತಿದರೆ ಗಟ್ಟಿಯಾಗಿರುತ್ತದೆ, ಬೂಸ್ಟು ಹಿಡಿದಿರುವುದಿಲ್ಲ. ಸತ್ತ ಕಾಳು ಮೆತ್ತಗಾಗಿರುತ್ತದೆ, ಹಿಸುಕಿದರೆ ಹಾಲಿನಂಥ ರಸ ಬರುತ್ತದೆ. ಪ್ರಯೋಗಾಲಯದಲ್ಲಿ ಬೀಜವನ್ನು 50 ಡಿಗ್ರಿ ಸೆಲ್ಸಿಯಸ್ ಒಣ ಶಾಖದಲ್ಲಿಟ್ಟು ಸುಪ್ತಾವಸ್ಥೆ ಮುರಿದು ಮತ್ತೆ ಪರೀಕ್ಷಿಸುತ್ತಾರೆ. ಈತನ ಬಟ್ಟೆಗಳಲ್ಲಿ ಉಳಿದ ಕಾಳುಗಳು ಬಹುಪಾಲು ಮೆತ್ತಗಾಗಿದ್ದವು. ಅಂದರೆ ಬೀಜ ಹಳೆಯದಾಗಿರಬೇಕು, ಇಲ್ಲವೇ ತೇವದಲ್ಲಿ ಕೆಟ್ಟಿರಬೇಕು. ಸಾಮಾನ್ಯ ಚೀಲದಲ್ಲಿ ಭತ್ತದ ಬೀಜದ ತೇವಾಂಶ ಶೇ 13 ಮೀರಬಾರದು. ಮಲೆನಾಡಿನ ಮಳೆಗಾಲದಲ್ಲಿ ಹಲಗೆಯಿಲ್ಲದೆ ನೆಲದ ಮೇಲೆ ಒಟ್ಟಿದ ಚೀಲ ತೇವ ಎಳೆದುಕೊಳ್ಳುತ್ತದೆ. ತಪ್ಪು ಉತ್ಪಾದಕರ ಉಗ್ರಾಣದ್ದೋ ಅಂಗಡಿಯದ್ದೋ ಎಂಬುದನ್ನು ರೈತ ತನ್ನ ಮನೆಯಲ್ಲಿ ಕೂತು ಹೇಳಲಾರ.

ನಷ್ಟದ ಲೆಕ್ಕವನ್ನೂ ಪತ್ರ ಬಿಡಿಸಿಟ್ಟಿದೆ. ಶೇ 80 ಮೊಳೆಯುವ ಬೀಜ ಎಕರೆಗೆ 25 ಕಿಲೋ ಸಾಕಾದರೆ, ಶೇ 59ರ ಬೀಜ ಸುಮಾರು 34 ಕಿಲೋ ಬೇಕು. ಹಾಗೆಂದು ಇನ್ನೊಂಬತ್ತು ಕಿಲೋ ಕೊಟ್ಟುಬಿಟ್ಟರೆ ಮುಗಿಯುವುದಿಲ್ಲ. ಕಸುವು ಕಳೆದುಕೊಂಡ ಲಾಟಿನಲ್ಲಿ ಮೊಳೆತ ಸಸಿಯೂ ಬಡಕಲು. ಮೇಲಾಗಿ ಮತ್ತೆ ಸಸಿಮಡಿ ಹಾಕುವಷ್ಟರಲ್ಲಿ ನಾಟಿ ತಡವಾಗುತ್ತದೆ. ನಾಲೆಯ ನೀರು ನಿಲ್ಲುವ ದಿನ ಮಾತ್ರ ಮುಂದೆ ಹೋಗುವುದಿಲ್ಲ.

ಆತ ಕೇಳಿದ್ದು ಮೂರು: ಬೇರೆ ಲಾಟಿನ ಬೀಜ ತಕ್ಷಣ ಕೊಡಿ, ಈ ಲಾಟಿನ ಮಾರಾಟ ನಿಲ್ಲಿಸಿ, ಈ ಲಾಟಿನ ದಾಖಲೆ ಮತ್ತು ಮಾದರಿ ತೋರಿಸಿ. ಮೂರನೆಯದಕ್ಕೆ ಕಾನೂನಿನ ಬಲವಿದೆ. 1968ರ ಬೀಜ ನಿಯಮಗಳ ಪ್ರಕಾರ ಪ್ರತಿ ಲಾಟಿನ ಪೂರ್ಣ ದಾಖಲೆಯನ್ನು ಮೂರು ವರ್ಷ ಇಡಬೇಕು. ಬೀಜದ ಮಾದರಿಯನ್ನು ಲಾಟು ಪೂರ್ತಿ ಖರ್ಚಾಗಿ ಒಂದು ವರ್ಷವಾದ ಮೇಲಷ್ಟೇ ಎಸೆಯಬಹುದು.

ಪತ್ರದ ಪ್ರತಿಯನ್ನು ಆತ ರೈತ ಸಂಪರ್ಕ ಕೇಂದ್ರಕ್ಕೂ ಕೊಟ್ಟ. ಅದೇ ನಿಯಮಗಳ 23-ಎ ಪ್ರಕಾರ, ಬೀಜ ಸರಿಯಿಲ್ಲದೆ ಬೆಳೆ ಕೆಟ್ಟಿತೆಂದು ರೈತ ಲಿಖಿತ ದೂರು ಕೊಟ್ಟರೆ ಬೀಜ ಪರಿವೀಕ್ಷಕರು ಚೀಟಿ, ಚೀಲ, ಉಳಿದ ಬೀಜ ವಶಕ್ಕೆ ಪಡೆದು ಆ ಲಾಟಿನ ಮಾದರಿಯನ್ನು ವಿಶ್ಲೇಷಣೆಗೆ ಕಳಿಸಬೇಕು. ಇಲ್ಲಿ ದಿನ ಕಳೆದಷ್ಟೂ ರೈತನಿಗೇ ನಷ್ಟ. ಬಿಚ್ಚಿದ ಚೀಲದ ಬೀಜದ ಬಗ್ಗೆ ತಕರಾರು ಎತ್ತುವುದು ಸುಲಭ. ಅಂಗಡಿಯಲ್ಲಿರುವ ಅದೇ ಲಾಟಿನ ಸೀಲು ಒಡೆಯದ ಚೀಲ ಖರ್ಚಾಗುವ ಮೊದಲೇ ದೂರು ತಲುಪಬೇಕು.

ಅಲ್ಲೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ, ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಹೇಳಿದೆ. ಇದ್ದ ಬೀಜವನ್ನೆಲ್ಲ ಬಿತ್ತಿದ ರೈತ ಪರೀಕ್ಷೆಗೆಂದು ಮಾದರಿ ಉಳಿಸಿಕೊಂಡಿರಬೇಕೆಂದು ಬಯಸುವುದು ಸರಿಯಲ್ಲ ಎಂದೂ ಅದು ಒಪ್ಪಿತು.

ಆದರೂ ಮಾದರಿ ಉಳಿಸಿದವನ ಕೈ ಮೇಲು. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಲಾಟ್ ನಂಬರ್ ಬರೆಸಿ. ಚೀಲವನ್ನು ಚೀಟಿಯಿರದ ಕಡೆಯಿಂದ ಬಿಚ್ಚಿ. ಅರ್ಧ ಕಿಲೋ ಬೀಜ ತೆಗೆದಿಡಿ. ನೆನೆಹಾಕುವ ಮೊದಲೇ ನೂರು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ನೋಡಿ. ಎಂಬತ್ತಕ್ಕಿಂತ ತೀರಾ ಕಡಿಮೆ ಬಂದರೆ ಬಿತ್ತಬೇಡಿ, ಪತ್ರ ಬರೆಯಿರಿ.