ಸಲಹೆಗಾರನಾಗ ಹೊರಟ ಅಕೌಂಟೆಂಟ್‌ನ ಲಿಂಕ್ಡ್‌ಇನ್ ಪರಿಚಯ

ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಹೆಸರು, ಫೋಟೊ, ಹುದ್ದೆಯ ಸಾಲು ಇವುಗಳ ಕೆಳಗೆ ‘ಅಬೌಟ್’ ಎಂಬ ಭಾಗವಿರುತ್ತದೆ. ಅದರಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು. ಪದಗಳ ನಡುವಿನ ಖಾಲಿ ಜಾಗವೂ ಎಣಿಕೆಗೆ ಸೇರುತ್ತದೆ. ಆದರೆ ಪ್ರೊಫೈಲ್ ತೆರೆದವರಿಗೆ ಅಷ್ಟೂ ಒಮ್ಮೆಗೇ ಕಾಣುವುದಿಲ್ಲ. ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ. ಉಳಿದದ್ದನ್ನು ಓದಬೇಕಾದರೆ ‘see more’ ಒತ್ತಬೇಕು. ಒತ್ತಬೇಕೋ ಬೇಡವೋ ಎಂದು ಓದುವವರು ತೀರ್ಮಾನಿಸುವುದು ಆ ಕೆಲವು ಸಾಲುಗಳ ಮೇಲೆಯೇ.

ನೌಕರಿ ಬದಲಿಸುವವರಿಗೆ ಈ ಭಾಗ ಅಷ್ಟೇನೂ ನಿರ್ಣಾಯಕವಲ್ಲ. ನೇಮಕ ಮಾಡುವವರು ಕಂಪನಿ, ಹುದ್ದೆ, ವರ್ಷಗಳನ್ನು ನೋಡಿ ರೆಸ್ಯೂಮೆ ತರಿಸಿಕೊಳ್ಳುತ್ತಾರೆ. ಸಲಹಾ ಕೆಲಸಕ್ಕೆ ಇಳಿಯುವವರ ಸ್ಥಿತಿ ಬೇರೆ. ಅವರ ಪರಿಚಯ ಓದುವವರು ಒಬ್ಬ ಕಾರ್ಖಾನೆ ಮಾಲೀಕರೋ, ಅವರ ಕಂಪನಿಯ ಲೆಕ್ಕ ನೋಡುವ ಸಿಎಯೋ ಆಗಿರುತ್ತಾರೆ. ಅವರ ಬಳಿ ಖಾಲಿ ಹುದ್ದೆ ಇರುವುದಿಲ್ಲ, ಬಗೆಹರಿಯದ ಒಂದು ತೊಂದರೆ ಇರುತ್ತದೆ. ಪರಿಚಯದ ಬರವಣಿಗೆ ತಿರುಗಬೇಕಾದದ್ದು ಇಲ್ಲೇ: ‘ನಾನು ಏನೇನು ಮಾಡಬಲ್ಲೆ’ ಎಂಬುದರಿಂದ ‘ನಿಮ್ಮ ಯಾವ ತೊಂದರೆ ನನಗೆ ಗೊತ್ತು’ ಎಂಬುದರ ಕಡೆಗೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಬಿ.ಕಾಂ. ಮುಗಿಸಿ ಹದಿನಾರು ವರ್ಷ ಅಕೌಂಟ್ಸ್‌ನಲ್ಲಿ ದುಡಿದ ಒಬ್ಬರು ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷಗಳಿಂದ ಅಕೌಂಟ್ಸ್ ಮ್ಯಾನೇಜರ್ ಆಗಿದ್ದಾರೆ. ಇನ್ನು ಆರು ತಿಂಗಳಲ್ಲಿ ನೌಕರಿ ಬಿಟ್ಟು, ಸಣ್ಣ ಕಾರ್ಖಾನೆಗಳಿಗೆ ಸಲಹೆಗಾರರಾಗುವ ಯೋಚನೆ ಅವರದು. ಪರಿಚಯವನ್ನು ಅವರು ಮೊದಲು ಹೀಗೆ ಬರೆಯುತ್ತಾರೆ. ಇಂಥ ಪ್ರೊಫೈಲುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಇಲ್ಲಿ ಅದರ ಧಾಟಿಯನ್ನು ಕನ್ನಡದಲ್ಲಿ ಕೊಟ್ಟಿದೆ.

“ಹದಿನಾರು ವರ್ಷಗಳ ಅನುಭವವುಳ್ಳ, ಶ್ರಮಜೀವಿಯಾದ ಅಕೌಂಟ್ಸ್ ವೃತ್ತಿಪರ. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಬ್ಯಾಂಕ್ ರಿಕನ್ಸಿಲಿಯೇಶನ್, ಪೇರೋಲ್, ಎಂಐಎಸ್ ವರದಿಗಳಲ್ಲಿ ಪರಿಣತಿ. ತಂಡವನ್ನು ಮುನ್ನಡೆಸುವ ಸಾಮರ್ಥ್ಯ. ಸವಾಲಿನ ಅವಕಾಶಕ್ಕಾಗಿ ಎದುರು ನೋಡುತ್ತಿದ್ದೇನೆ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಹೆಸರು ಮುಚ್ಚಿ ಓದಿದರೆ ಇದು ಪೀಣ್ಯದ ಯಾವ ಅಕೌಂಟೆಂಟ್‌ಗಾದರೂ ಹೊಂದುತ್ತದೆ. ಟ್ಯಾಲಿ, ಟಿಡಿಎಸ್ ಗೊತ್ತಿರುವುದು ಈ ವೃತ್ತಿಯಲ್ಲಿ ಹೇಳಿಕೊಳ್ಳುವ ಸಂಗತಿಯಲ್ಲ, ಇರಲೇಬೇಕಾದದ್ದು. ಎಲ್ಲಕ್ಕಿಂತ ಹಾನಿ ಮಾಡುವುದು ಕೊನೆಯ ವಾಕ್ಯ. ಅದು ಕೆಲಸ ಕೇಳುತ್ತಿದೆ, ಹಾಗಾಗಿ ಕೆಲಸವೇ ಸಿಗುತ್ತದೆ: ಇನ್ನೊಂದು ಕಂಪನಿಯ ಅಕೌಂಟ್ಸ್ ಮ್ಯಾನೇಜರ್ ಹುದ್ದೆಗೆ ಕರೆ ಬರುತ್ತದೆ. ಪರಿಚಯ ಸರಿಯಾಗಿದೆಯೇ ಎಂದು ತಿಳಿಯಲು ಬರುವ ಸಂದೇಶಗಳ ಜಾತಿಯನ್ನೇ ನೋಡಬೇಕು. ‘ನೋಟಿಸ್ ಪೀರಿಯಡ್ ಎಷ್ಟು, ಈಗಿನ ಸಂಬಳ ಎಷ್ಟು’ ಎಂಬ ಪ್ರಶ್ನೆಗಳೇ ಬರುತ್ತಿದ್ದರೆ, ಬರೆದದ್ದು ಇನ್ನೂ ರೆಸ್ಯೂಮೆಯಾಗಿಯೇ ಓದಿಸಿಕೊಳ್ಳುತ್ತಿದೆ ಎಂದರ್ಥ.

ತಿದ್ದುಪಡಿ ಪದಗಳಿಂದ ಆರಂಭವಾಗುವುದಿಲ್ಲ, ನೆನಪಿನಿಂದ ಆರಂಭವಾಗುತ್ತದೆ. ಹನ್ನೊಂದು ವರ್ಷಗಳಲ್ಲಿ ತಾವು ಸೇರಿದಾಗ ಇದ್ದ ಯಾವ ಪದ್ಧತಿ ತಮ್ಮ ಕೈಯಿಂದ ಬದಲಾಯಿತು ಎಂದು ಅವರು ಕೇಳಿಕೊಳ್ಳಬೇಕು. ಇಲ್ಲಿ ಎರಡು ಸಂಗತಿಗಳು ಸಿಗುತ್ತವೆ ಎಂದುಕೊಳ್ಳೋಣ.

ಮೊದಲನೆಯದು ತಿಂಗಳ ಲೆಕ್ಕ. ಅವರು ಸೇರಿದಾಗ ಒಂದು ತಿಂಗಳ ಲಾಭನಷ್ಟ ಗೊತ್ತಾಗುತ್ತಿದ್ದದ್ದು ಮುಂದಿನ ತಿಂಗಳ 25ರ ಹೊತ್ತಿಗೆ. ಮಾಲು ಸ್ಟೋರ್ಸ್‌ಗೆ ಬಂದಿರುತ್ತಿತ್ತು, ಬಿಲ್ಲು ಹತ್ತು ದಿನ ತಡವಾಗಿ ಬರುತ್ತಿತ್ತು, ಅಕೌಂಟ್ಸ್ ವಿಭಾಗ ಬಿಲ್ಲಿಗಾಗಿ ಕಾಯುತ್ತಿತ್ತು. ಪ್ಲೇಟಿಂಗ್‌ಗೆ ಕಳಿಸಿದ ಬಿಡಿಭಾಗಗಳ ಜಾಬ್‌ವರ್ಕ್ ಬಿಲ್ಲು ಇನ್ನೂ ತಡ. ಅವರು ಕಾಯುವುದನ್ನು ಬಿಡಿಸಿದರು. ಸ್ಟೋರ್ಸ್‌ನ ಮಾಲು ಸ್ವೀಕೃತಿ ಚೀಟಿಗಳನ್ನು ತಿಂಗಳ ಕೊನೆಯ ದಿನ ತರಿಸಿ, ಪರ್ಚೇಸ್ ಆರ್ಡರಿನ ದರದಲ್ಲಿ ವೆಚ್ಚವನ್ನು ಪ್ರಾವಿಷನ್ ಮಾಡಿದರು. ವಿದ್ಯುತ್ ವೆಚ್ಚವನ್ನು ಮೀಟರ್ ರೀಡಿಂಗ್‌ನಿಂದ ಅಂದಾಜಿಸಿದರು. ಈಗ ಲೆಕ್ಕ 8ನೇ ತಾರೀಖಿಗೆ ಸಿಗುತ್ತಿದೆ.

ಎರಡನೆಯದು ಜಿಎಸ್‌ಟಿ ಕ್ರೆಡಿಟ್. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಪೂರೈಕೆದಾರ 11ರೊಳಗೆ ತನ್ನ ಜಿಎಸ್‌ಟಿಆರ್-1ರಲ್ಲಿ ಬಿಲ್ಲು ತೋರಿಸಿದರೆ ಅದು 14ರಂದು ಕೊಳ್ಳುವವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತದೆ. ತೋರಿಸದಿದ್ದರೆ ಆ ತೆರಿಗೆಯ ಕ್ರೆಡಿಟ್ ಆ ತಿಂಗಳು ಕೈಗೆ ಸಿಗುವುದಿಲ್ಲ. ಕಂಪನಿ ಅಷ್ಟು ಹಣವನ್ನು ನಗದಾಗಿ ಕಟ್ಟಬೇಕಾಗುತ್ತದೆ. ಅವರು 9ನೇ ತಾರೀಖಿಗೆ ದೊಡ್ಡ ಬಿಲ್ಲುಗಳ ಪಟ್ಟಿ ಹಿಡಿದು ಪೂರೈಕೆದಾರರಿಗೆ ಫೋನ್ ಮಾಡಿಸುವ, ಬಿಲ್ಲು ಕಾಣದಿದ್ದರೆ ತೆರಿಗೆಯ ಭಾಗವನ್ನಷ್ಟೇ ಪೇಮೆಂಟ್‌ನಲ್ಲಿ ತಡೆಹಿಡಿಯುವ ಕ್ರಮ ತಂದರು.

ಎರಡೂ ಒಳ್ಳೆಯ ಕೆಲಸಗಳೇ. ಆದರೆ ಪರಿಚಯದ ಮೊದಲ ಸಾಲಿಗೆ ಒಂದೇ ಬೇಕು. ಜಿಎಸ್‌ಟಿ ಎಂದೊಡನೆ ಮಾಲೀಕರಿಗೆ ನೆನಪಾಗುವುದು ಈಗಾಗಲೇ ರಿಟರ್ನ್ ಸಲ್ಲಿಸುತ್ತಿರುವ ಕನ್ಸಲ್ಟೆಂಟ್. ‘ಅದಕ್ಕೆ ನಮ್ಮವರಿದ್ದಾರೆ’ ಎಂದು ಅವರು ಮುಂದೆ ಹೋಗುತ್ತಾರೆ. ಸಿಎ ವರ್ಷದ ಲೆಕ್ಕ ನೋಡುತ್ತಾರೆ, ಒಳಗಿನ ಅಕೌಂಟೆಂಟ್ ವೋಚರ್ ಹಾಕುತ್ತಾರೆ. ತಿಂಗಳ ಲೆಕ್ಕ ಬೇಗ ಬರುವಂತೆ ಪದ್ಧತಿ ಕಟ್ಟುವವರು ಸಣ್ಣ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಆ ಖಾಲಿ ಜಾಗವೇ ಇವರ ಜಾಗ. ಇನ್ನೊಂದು ಲಾಭವೂ ಉಂಟು: ಸಿಎಗಳ ಕೆಲಸಕ್ಕೆ ಕೈಹಾಕದವರನ್ನು ಅವರೇ ತಮ್ಮ ಕಕ್ಷಿದಾರರಿಗೆ ಧೈರ್ಯವಾಗಿ ಶಿಫಾರಸು ಮಾಡಬಲ್ಲರು. ತಿದ್ದಿದ ಪರಿಚಯ ಹೀಗಾಗುತ್ತದೆ:

“ತಿಂಗಳು ಮುಗಿದು ಮೂರು ವಾರವಾದರೂ ಲಾಭವೋ ನಷ್ಟವೋ ತಿಳಿಯದ ಸಣ್ಣ ಕಾರ್ಖಾನೆಗಳು ಬಹಳ. ನಾನು ಕೆಲಸ ಮಾಡುವ ಬಿಡಿಭಾಗ ತಯಾರಿಕಾ ಘಟಕದಲ್ಲೂ ಹಾಗೇ ಇತ್ತು. ಈಗ ಲೆಕ್ಕ 8ನೇ ತಾರೀಖಿಗೆ ಸಿದ್ಧವಿರುತ್ತದೆ.

ಬದಲಾಗಿದ್ದು ಸಾಫ್ಟ್‌ವೇರ್ ಅಲ್ಲ. ಬಿಲ್ಲಿಗಾಗಿ ಕಾಯುವ ಬದಲು ಸ್ಟೋರ್ಸ್ ಚೀಟಿಯ ಮೇಲೆ ವೆಚ್ಚ ಹಿಡಿಯುವುದನ್ನು ಸ್ಟೋರ್ಸ್, ಪರ್ಚೇಸ್, ಅಕೌಂಟ್ಸ್ ಮೂರೂ ವಿಭಾಗದವರು ರೂಢಿಸಿಕೊಂಡೆವು. ಜಾಬ್‌ವರ್ಕ್‌ಗೆ ಹೋದ ಮಾಲು, 2ಬಿಯಲ್ಲಿ ಕಾಣದ ಬಿಲ್ಲುಗಳು, ಬಾಕಿ ವಸೂಲಿ ಇವುಗಳಿಗೂ ಇಂಥದೇ ತಿಂಗಳ ಕ್ರಮ ನಡೆಯುತ್ತಿದೆ.

ಹದಿನಾರು ವರ್ಷ ಅಕೌಂಟ್ಸ್‌ನಲ್ಲಿದ್ದೇನೆ, ಹನ್ನೊಂದು ವರ್ಷ ತಯಾರಿಕಾ ಘಟಕದಲ್ಲಿ. ಟ್ಯಾಲಿಯಲ್ಲಿ ಲೆಕ್ಕ ಇಡುವ ಸಣ್ಣ ಘಟಕಗಳ ತಿಂಗಳ ಕ್ಲೋಸಿಂಗ್ ನನ್ನ ಕ್ಷೇತ್ರ. ಆಡಿಟ್ ಮತ್ತು ಪ್ರಮಾಣಪತ್ರ ನಾನು ಮಾಡುವ ಕೆಲಸವಲ್ಲ. ಅದನ್ನು ಮಾಡುವ ಸಿಎಗೆ ಲೆಕ್ಕ ಸಿದ್ಧವಾಗಿ ಸಿಗುವಂತೆ ನೋಡಿಕೊಳ್ಳುತ್ತೇನೆ.”

ಇದು 2,600 ಅಕ್ಷರಗಳ ಅರ್ಧದಷ್ಟೂ ಇಲ್ಲ. ಉಳಿದ ಜಾಗವನ್ನು ತುಂಬಲೇಬೇಕೆಂಬ ನಿಯಮವಿಲ್ಲ. ಮೊದಲ ಸಾಲುಗಳಲ್ಲಿ ತೊಂದರೆಯೂ ಇದೆ, ಫಲವೂ ಇದೆ. ವರ್ಷಗಳ ಎಣಿಕೆ ಕೆಳಗೆ ಸರಿದಿದೆ. ‘ನಾನು’ ಎಂದೇ ಬರೆದಿರುವುದರಿಂದ ಮಾಲೀಕರ ಎದುರು ಕುಳಿತು ಮಾತನಾಡಿದ ಹಾಗೆ ಕೇಳಿಸುತ್ತದೆ. ಇನ್ನು ಗಮನಿಸಬೇಕಾದದ್ದು ಇಲ್ಲಿ ಏನನ್ನು ಬರೆದಿಲ್ಲ ಎಂಬುದು. ‘ಹಲವು ಕಂಪನಿಗಳಿಗೆ ನೆರವಾಗಿದ್ದೇನೆ’ ಎಂಬ ಮಾತಿಲ್ಲ, ಯಾಕೆಂದರೆ ಇನ್ನೂ ಒಬ್ಬ ಕಕ್ಷಿದಾರನೂ ಇಲ್ಲ. ಒಂದೇ ಘಟಕದಲ್ಲಿ ಆದದ್ದನ್ನು ಒಂದೇ ಘಟಕದ್ದೆಂದು ಹೇಳಿದರೆ ನಂಬಿಕೆ ಹೆಚ್ಚುತ್ತದೆ. ‘ಹಲವು ಕಂಪನಿ’ ಎಂದವರನ್ನು ಮಾಲೀಕರು ಮೊದಲ ಭೇಟಿಯಲ್ಲೇ ‘ಯಾವ ಕಂಪನಿ?’ ಎಂದು ಕೇಳುತ್ತಾರೆ. ‘ರೂಢಿಸಿಕೊಂಡೆವು’ ಎಂಬ ಬಹುವಚನಕ್ಕೂ ಕಾರಣವಿದೆ: ಸ್ಟೋರ್ಸ್‌ನವರ ಸಹಕಾರವಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ, ಅದು ಆ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು.

ಅಂಕಿಗಳಲ್ಲಿ ಯಾವುದನ್ನು ಹೊರಗೆ ಹೇಳಬಹುದು ಎಂಬುದು ಸೂಕ್ಷ್ಮ ವಿಷಯ. ಅಕೌಂಟೆಂಟ್‌ಗೆ ಕಂಪನಿಯ ಲಾಭಾಂಶ, ಗಿರಾಕಿವಾರು ದರ, ಬ್ಯಾಂಕ್ ಸಾಲ, ಸಂಬಳಗಳು ಎಲ್ಲವೂ ತಿಳಿದಿರುತ್ತವೆ. ಇವುಗಳಲ್ಲಿ ಒಂದನ್ನಾದರೂ ಪ್ರೊಫೈಲಿನಲ್ಲಿ ಹಾಕಿದರೆ ಈಗಿನ ಮಾಲೀಕರಿಗೆ ದ್ರೋಹವಾಗುತ್ತದೆ. ಮುಂದಿನ ಮಾಲೀಕರೂ ‘ನಾಳೆ ನಮ್ಮದನ್ನೂ ಹೀಗೇ ಬರೆದಾನು’ ಎಂದು ಹಿಂಜರಿಯುತ್ತಾರೆ. ರೂಪಾಯಿಗಿಂತ ದಿನಗಳ ಲೆಕ್ಕ ಸುರಕ್ಷಿತ. 25ನೇ ತಾರೀಖು 8ಕ್ಕೆ ಬಂದದ್ದನ್ನು ಹೇಳಿದರೆ ಕೆಲಸದ ಗುಣ ಕಾಣುತ್ತದೆ, ವ್ಯಾಪಾರದ ಗುಟ್ಟು ಬಯಲಾಗುವುದಿಲ್ಲ. ಹಾಗಿದ್ದರೂ ದಿನಾಂಕ ಸರಿಯೇ ಎಂದು ಹಿಂದಿನ ತಿಂಗಳುಗಳ ವರದಿ ಕಳಿಸಿದ ಇಮೇಲುಗಳನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಎಂದೋ ಒಮ್ಮೆ 8ಕ್ಕೆ ಮುಗಿದು, ಉಳಿದಂತೆ 12 ಆಗುತ್ತಿದ್ದರೆ 12 ಎಂದೇ ಬರೆಯಬೇಕು.

ಪದವಿಯ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಇನ್‌ಸ್ಟಿಟ್ಯೂಟ್‌ನ ಸದಸ್ಯರಲ್ಲದವರು ತಮ್ಮನ್ನು ಚಾರ್ಟರ್ಡ್ ಅಕೌಂಟೆಂಟ್ ಎಂದು ಹೇಳಿಕೊಳ್ಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಶಿಕ್ಷಾರ್ಹ. ಇಂಟರ್ಮೀಡಿಯೆಟ್ ಪಾಸಾದವರು ಹೆಸರಿನ ಪಕ್ಕ ಸಿಎ ಎಂದು ಬರೆದು ಆವರಣದಲ್ಲಿ ಇಂಟರ್ ಎಂದು ಸೇರಿಸುವ ರೂಢಿಯನ್ನು ಬಿಡುವುದೇ ಲೇಸು. ಪರೀಕ್ಷೆ ಪಾಸಾದ ಸಂಗತಿಯನ್ನು ಶಿಕ್ಷಣದ ಭಾಗದಲ್ಲಿ ಪೂರ್ಣ ವಾಕ್ಯವಾಗಿ ಹೇಳಬಹುದು. ವಾಣಿಜ್ಯ ಪದವೀಧರರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು, ನಿಗದಿತ ಪರೀಕ್ಷೆ ಪಾಸಾಗಿದ್ದರೆ ಅದಕ್ಕೆ ಒಂದು ಸಾಲು ಸಲ್ಲುತ್ತದೆ. ಸಿಎಗಳೇ ನೌಕರಿ ಬಿಟ್ಟು ಸಲಹಾ ಕೆಲಸಕ್ಕೆ ಇಳಿಯುವಾಗ ಎದುರಾಗುವ ಕಟ್ಟುಪಾಡು ಇನ್ನೊಂದು ಬಗೆಯದು. ಪ್ರಾಕ್ಟೀಸ್ ಮಾಡುವ ಸದಸ್ಯರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕಕ್ಷಿದಾರರನ್ನು ಆಹ್ವಾನಿಸುವುದಕ್ಕೆ ಆ ಕಾಯ್ದೆಯ ಮೊದಲ ಅನುಸೂಚಿಯೇ ಮಿತಿ ಹಾಕಿದೆ. ಇನ್‌ಸ್ಟಿಟ್ಯೂಟ್‌ನ ಜಾಹೀರಾತು ಮಾರ್ಗಸೂಚಿ ಕಾಲಕಾಲಕ್ಕೆ ಬದಲಾಗುವುದರಿಂದ, ಸದ್ಯ ಜಾರಿಯಲ್ಲಿರುವುದನ್ನು ಓದಿದ ಮೇಲೆಯೇ ಅವರು ಪರಿಚಯ ಬರೆಯಬೇಕು.

ನೌಕರಿಯಲ್ಲಿರುವಾಗಲೇ ಪ್ರೊಫೈಲ್ ಬದಲಿಸುವವರು ನೇಮಕಾತಿ ಪತ್ರವನ್ನೂ ಒಮ್ಮೆ ತೆಗೆದು ನೋಡಬೇಕು. ಹೊರಗಿನ ಕೆಲಸ ಮಾಡಕೂಡದೆಂಬ ಷರತ್ತು ಬಹಳಷ್ಟು ಪತ್ರಗಳಲ್ಲಿರುತ್ತದೆ, ಮಾಲೀಕರೂ ಸಹೋದ್ಯೋಗಿಗಳೂ ಲಿಂಕ್ಡ್‌ಇನ್ ನೋಡುತ್ತಾರೆ. ಮೇಲಿನ ಮಾದರಿಯಲ್ಲಿ ‘ಕೆಲಸಕ್ಕೆ ಸಂಪರ್ಕಿಸಿ’ ಎಂಬ ಸಾಲು ಇಲ್ಲದಿರುವುದು ಆ ಕಾರಣಕ್ಕೇ. ಅದು ಮಾಡಿದ ಕೆಲಸವನ್ನೂ ಬಲ್ಲ ಕ್ಷೇತ್ರವನ್ನೂ ಹೇಳುತ್ತದೆ, ಸೇವೆಯನ್ನು ಮಾರುವುದಿಲ್ಲ. ನೌಕರಿ ಬಿಟ್ಟ ದಿನ ಅದಕ್ಕೆ ಸೇರಬೇಕಾದದ್ದು ಎರಡೇ ವಾಕ್ಯ: ಯಾವ ಗಾತ್ರದ ಘಟಕಗಳ ಕೆಲಸ ಒಪ್ಪಿಕೊಳ್ಳುತ್ತಾರೆ, ಮೊದಲ ಹೆಜ್ಜೆ ಏನು. ‘ಹಿಂದಿನ ಮೂರು ತಿಂಗಳ ಕ್ಲೋಸಿಂಗ್ ನೋಡಿ, ಎಲ್ಲಿ ತಡವಾಗುತ್ತಿದೆ ಎಂಬ ಒಂದು ಪುಟದ ವರದಿ ಕೊಡುತ್ತೇನೆ’ ಎಂದರೆ ಮಾಲೀಕರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ತಿಳಿಯುತ್ತದೆ. ಹೆಸರಿನ ಕೆಳಗಿನ 220 ಅಕ್ಷರಗಳ ಶೀರ್ಷಿಕೆಯನ್ನೂ ಅದೇ ದಿನ ಬದಲಿಸಬೇಕು. ಕೆಳಗೆ ಸಲಹೆಗಾರ, ಮೇಲೆ ಇನ್ನೂ ‘ಅಕೌಂಟ್ಸ್ ಮ್ಯಾನೇಜರ್’ ಎಂದಿದ್ದರೆ ಓದುವವರು ಮೇಲಿನದನ್ನೇ ನಂಬುತ್ತಾರೆ. ಮೊದಲ ಒಂದೆರಡು ಕೆಲಸಗಳು ಮುಗಿದ ಬಳಿಕ, ಕಕ್ಷಿದಾರರ ಒಪ್ಪಿಗೆ ಪಡೆದು, ಹಳೆಯ ಕಂಪನಿಯ ಕತೆ ಇದ್ದ ಜಾಗದಲ್ಲಿ ಅವರ ಘಟಕದಲ್ಲಿ ಆದದ್ದನ್ನು ಹಾಕಬಹುದು.