ಕೋಶವಿಲ್ಲದ ರೂಪಾಂತರ

ಮಳೆಗಾಲ ಶುರುವಾದ ಮೇಲೆ ಹಿತ್ತಲಿನ ಕರಿಬೇವಿನ ಗಿಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುವ ಕಂದು-ಬಿಳಿ ಹುಳುವೊಂದು ಅಲುಗಾಡದೆ ಕೂತಿರುತ್ತದೆ. ಅದೇ ಹೊತ್ತಿಗೆ ಗದ್ದೆಯಂಚಿನ ಹೊಂಡದಲ್ಲಿ ಕಪ್ಪನೆಯ ಗೊದಮೊಟ್ಟೆಗಳು ಕಲ್ಲಿನ ಮೇಲಿನ ಪಾಚಿ ಕೆರೆಯುತ್ತಿರುತ್ತವೆ. ಹುಳು ಚಿಟ್ಟೆಯಾಗುತ್ತದೆ, ಗೊದಮೊಟ್ಟೆ ಕಪ್ಪೆಯಾಗುತ್ತದೆ. ಎರಡಕ್ಕೂ ರೂಪಾಂತರ ಎಂದೇ ಹೆಸರು. ಆದರೆ ಆ ಬದಲಾವಣೆ ನಡೆಯುವ ಬಗೆ ಒಂದೇ ಅಲ್ಲ. ಕೊಳಕು ನೀರು, ಔಷಧಿ ಸಿಂಪಡಣೆ ಕಪ್ಪೆಯ ಬದುಕನ್ನು ಹೇಗೆ ಕೆಡಿಸುತ್ತವೆ ಎಂಬುದು ಈ ವ್ಯತ್ಯಾಸವನ್ನು ತಿಳಿದರೆ ಅರ್ಥವಾಗುತ್ತದೆ.

ಕರಿಬೇವಿನ ಹುಳು ಪೊರೆ ಬಿಡುತ್ತ ಬೆಳೆದು ಹಸಿರಾಗುತ್ತದೆ. ಹೊಟ್ಟೆ ತುಂಬಿದ ಮೇಲೆ ಕಡ್ಡಿಯೊಂದನ್ನು ಹಿಡಿದು, ರೇಷ್ಮೆ ಎಳೆಯಿಂದ ನಡುವಿಗೆ ಪಟ್ಟಿ ಕಟ್ಟಿಕೊಂಡು ಆತುಕೊಳ್ಳುತ್ತದೆ. ಕೊನೆಯ ಸಲ ಪೊರೆ ಬಿಟ್ಟಾಗ ಅದು ಹುಳುವಲ್ಲ, ಕೋಶ. ಒಳಗೆ ಹುಳುವಿನ ಮೈಯ ಬಹುಪಾಲು ಕರಗುತ್ತದೆ. ಉಸಿರಿನ ನಾಳಗಳು, ನರಮಂಡಲದ ಕೆಲಭಾಗ ಉಳಿಯುತ್ತವೆ. ರೆಕ್ಕೆ, ಮೀಸೆ, ಕಾಲುಗಳನ್ನು ಕಟ್ಟುವುದು ಹುಳುವಿನ ಮೈಯೊಳಗೆ ಮೊದಲೇ ಎತ್ತಿಟ್ಟಿದ್ದ ಪುಟ್ಟ ಜೀವಕೋಶಗಳ ಗುಂಪುಗಳು. ಈ ಒಂದೆರಡು ವಾರ ಅದು ತಿನ್ನುವುದಿಲ್ಲ, ಕುಡಿಯುವುದಿಲ್ಲ. ಗಟ್ಟಿ ಹೊರಕವಚದ ಸಣ್ಣ ರಂಧ್ರಗಳಿಂದ ಗಾಳಿಯಷ್ಟೇ ಒಳಹೊರಗೆ ಆಡುತ್ತದೆ.

ಕಪ್ಪೆಗೆ ಇಂಥ ಬಾಗಿಲು ಮುಚ್ಚಿಕೊಳ್ಳುವ ಸೌಕರ್ಯವಿಲ್ಲ. ಕೆಡವಿ ಕಟ್ಟುತ್ತಿರುವ ಮನೆಯಲ್ಲೇ ವಾಸಮಾಡುವವರ ಪಾಡು ಅದರದು.

ಮೊದಲು ಹಿಂಗಾಲು ಮೊಳೆಯುತ್ತವೆ. ಬಾಲದ ಬುಡದ ಎರಡೂ ಕಡೆ ಸಾಸಿವೆಗಿಂತ ಚಿಕ್ಕದಾದ ಗುಬುಟು ಎದ್ದು, ವಾರಗಟ್ಟಲೆ ಬೆಳೆದು, ಬೆರಳುಗಳು ಬಿಡಿಸಿಕೊಳ್ಳುತ್ತವೆ. ಮುಂಗಾಲುಗಳೂ ಆಗಲೇ ಬೆಳೆಯುತ್ತಿರುತ್ತವೆ, ಆದರೆ ಕಿವಿರಿನ ಕೋಣೆಯೊಳಗೆ, ಚರ್ಮದ ಅಡಿಯಲ್ಲಿ. ಗೊದಮೊಟ್ಟೆಯನ್ನು ಬಿಳಿ ತಟ್ಟೆಯ ನೀರಿನಲ್ಲಿಟ್ಟು ನೋಡಿದರೆ ಕತ್ತಿನ ಬಳಿ ಚರ್ಮ ಉಬ್ಬಿರುವುದು, ಅದರೊಳಗೆ ಮಡಿಸಿದ ಮೊಣಕೈ ಕಾಣುತ್ತದೆ. ಒಂದು ದಿನ ಆ ಮೊಣಕೈ ಚರ್ಮವನ್ನು ತೂರಿಕೊಂಡು ಹೊರಬರುತ್ತದೆ. ಅಲ್ಲಿಂದ ಮುಂದಿನದೆಲ್ಲ ಕೆಲವೇ ದಿನಗಳ ಕೆಲಸ. ಪಾಚಿ ಕೆರೆಯುತ್ತಿದ್ದ ಗಟ್ಟಿ ಕೊಕ್ಕು ಕಳಚಿ ಬೀಳುತ್ತದೆ, ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿಕೊಳ್ಳುತ್ತದೆ. ಸುರುಳಿ ಸುತ್ತಿಕೊಂಡಿದ್ದ ಉದ್ದನೆಯ ಕರುಳು ಕುಗ್ಗಿ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಸೊಪ್ಪುಪಾಚಿ ತಿನ್ನುತ್ತಿದ್ದದ್ದು ಇನ್ನು ಮುಂದೆ ಹುಳುಹುಪ್ಪಟೆ ತಿನ್ನಬೇಕು. ಕಿವಿರು ಮಾಯವಾಗಿ ಉಸಿರಾಟ ಶ್ವಾಸಕೋಶಕ್ಕೂ ಚರ್ಮಕ್ಕೂ ಸೇರುತ್ತದೆ. ನೀರಿಗೆ ಅಮೋನಿಯಾ ಬಿಟ್ಟು ಸುಮ್ಮನಿರುತ್ತಿದ್ದ ಮೈ ಈಗ ಯೂರಿಯಾ ತಯಾರಿಸುವುದನ್ನು ಕಲಿಯುತ್ತದೆ. ಬಾಯಿಯೇ ದುರಸ್ತಿಯಲ್ಲಿರುವುದರಿಂದ ಊಟ ನಿಲ್ಲುತ್ತದೆ. ಬಾಲದ ಜೀವಕೋಶಗಳು ತಾವಾಗಿ ಸತ್ತು ಕರಗುತ್ತವೆ, ಆ ಸಾರವೇ ಆಗಿನ ಆಹಾರ. ಬಾಲ ಉದುರುತ್ತದೆ ಎಂದು ಹಲವರು ತಿಳಿದಿದ್ದಾರೆ. ಉದುರುವುದಿಲ್ಲ, ಮೈ ಅದನ್ನು ಒಳಗೆಳೆದುಕೊಳ್ಳುತ್ತದೆ.

ಇಷ್ಟೆಲ್ಲ ನಡೆಯುವಾಗ ಅದು ಅದೇ ಹೊಂಡದ ನೀರಿನಲ್ಲಿದೆ. ನೆಟ್ಟಗೆ ಈಜಲು ಬಾರದು, ಕುಪ್ಪಳಿಸಲೂ ಬಾರದು.

ಈ ಕೆಲಸಗಳಿಗೆಲ್ಲ ಅಪ್ಪಣೆ ಕೊಡುವುದು ಥೈರಾಯ್ಡ್ ಗ್ರಂಥಿ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿ ನೋಡಿದರು. ಅವು ಬೆಳೆಯುವುದನ್ನು ಬಿಟ್ಟು ಅವಸರದಲ್ಲಿ ರೂಪ ಬದಲಿಸಿ, ನೊಣದ ಗಾತ್ರದ ಕಪ್ಪೆಗಳಾದವು. ಕೆಲವು ವರ್ಷಗಳ ನಂತರ ಅಮೆರಿಕದ ಬೆನೆಟ್ ಆಲನ್ ಇದಕ್ಕೆ ತದ್ವಿರುದ್ಧವಾದ ಪ್ರಯೋಗ ಮಾಡಿದರು. ಗ್ರಂಥಿಯನ್ನೇ ತೆಗೆದ ಗೊದಮೊಟ್ಟೆಗಳು ಕಪ್ಪೆಯಾಗಲೇ ಇಲ್ಲ, ಗೊದಮೊಟ್ಟೆಗಳಾಗಿಯೇ ದೈತ್ಯವಾಗಿ ಬೆಳೆದವು. ನನಗೆ ಬೆರಗು ಹುಟ್ಟಿಸುವುದು ಇನ್ನೊಂದು ಸಂಗತಿ. ಕಾಲಿಗೆ ಬೆಳೆ ಎನ್ನುವುದೂ ಬಾಲಕ್ಕೆ ಸಾಯಿ ಎನ್ನುವುದೂ ಅದೇ ಹಾರ್ಮೋನು. ಅದರ ಪ್ರಮಾಣ ಕಡಿಮೆಯಿದ್ದಾಗಲೇ ಹಿಂಗಾಲು ಓಗೊಡುತ್ತದೆ, ಬಾಲ ಕರಗಲು ಪ್ರಮಾಣ ಬಹಳ ಏರಬೇಕು. ಆದ್ದರಿಂದಲೇ ಕಾಲು ಮೊದಲು, ಬಾಲ ಕೊನೆಗೆ. ಈ ಕ್ರಮ ತಿರುವುಮುರುವಾದರೆ ಕಾಲಿಲ್ಲದೆ ಬಾಲವೂ ಇಲ್ಲದ ಜೀವಿ ನೀರಲ್ಲಿ ಮುಳುಗುತ್ತದೆ.

ಚಿಟ್ಟೆಯ ಹಾರ್ಮೋನುಗಳು ಬೇರೆ. ಹುಳುವನ್ನು ಹುಳುವಾಗಿಯೇ ಇಡುವುದು ಒಂದು, ಪೊರೆ ಬಿಡಿಸಿ ಮುಂದಿನ ಹಂತಕ್ಕೆ ದೂಡುವುದು ಎಕ್ಡೈಸೋನ್ ಎಂಬ ಇನ್ನೊಂದು. ಈ ಎರಡನೆಯದನ್ನು ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಚಿಟ್ಟೆಯ ಬಂಧುವಾದ ರೇಷ್ಮೆ ಹುಳುವಿನ ಕೋಶಗಳಿಂದ ಬೇರ್ಪಡಿಸಿದರು. 500 ಕಿಲೋ ಕೋಶ ಅರೆದರೆ ಸಿಕ್ಕಿದ್ದು 25 ಮಿಲಿಗ್ರಾಂ. ಈ ರಾಸಾಯನಿಕ ನಮ್ಮ ಮೈಯ ಹಾರ್ಮೋನುಗಳಲ್ಲಿ ಇಲ್ಲ. ಗೊದಮೊಟ್ಟೆಯ ಥೈರಾಯ್ಡ್ ಹಾರ್ಮೋನಾದರೋ ನಮ್ಮ ಕುತ್ತಿಗೆಯಲ್ಲಿ ತಯಾರಾಗುವುದೇ, ಅಣುವಿನಲ್ಲಿ ಒಂದಿಷ್ಟೂ ಭೇದವಿಲ್ಲ. ಅದಕ್ಕೆ ಅಯೋಡಿನ್ ಬೇಕು. ಪಟಾಕಿಯಲ್ಲೂ ರಾಕೆಟ್ ಇಂಧನದಲ್ಲೂ ಬಳಸುವ ಪರ್ಕ್ಲೋರೇಟ್ ನೀರಿಗೆ ಸೇರಿದರೆ ಥೈರಾಯ್ಡ್‌ಗೆ ಅಯೋಡಿನ್ ಸಿಗದಂತೆ ತಡೆಯುತ್ತದೆ. ಅಂಥ ನೀರಿನಲ್ಲಿ ಬೆಳೆಸಿದ ಗೊದಮೊಟ್ಟೆಗಳ ಮುಂಗಾಲು ಹೊರಬರುವುದೂ ಬಾಲ ಕುಗ್ಗುವುದೂ ನಿಂತುಬಿಟ್ಟದ್ದನ್ನು ಪ್ರಯೋಗಗಳು ತೋರಿಸಿವೆ. ಗೊದಮೊಟ್ಟೆ ಸತ್ತಿರುವುದಿಲ್ಲ, ಗಡಿಯಾರ ನಿಂತಿರುತ್ತದೆ. ಹೀಗಾಗಿ 2009ರಿಂದ ರಾಸಾಯನಿಕಗಳು ಥೈರಾಯ್ಡ್ ಕೆಡಿಸುತ್ತವೆಯೇ ಎಂದು ಪರೀಕ್ಷಿಸಲು ಒಂದು ಅಂತರರಾಷ್ಟ್ರೀಯ ವಿಧಾನವಿದೆ. ಆಫ್ರಿಕಾದ ಒಂದು ಜಾತಿಯ ಕಪ್ಪೆಯ ಗೊದಮೊಟ್ಟೆಗಳನ್ನು 21 ದಿನ ಆ ರಾಸಾಯನಿಕದ ನೀರಲ್ಲಿಟ್ಟು ಹಿಂಗಾಲಿನ ಉದ್ದ ಅಳೆಯುತ್ತಾರೆ.

ಇನ್ನು ಚರ್ಮ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ, ಸುತ್ತಲೂ ಲೋಳೆ ಮಾತ್ರ. ಬೆಳೆದ ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆ ಒತ್ತಿ ಕೂತು ತೊಡೆಗಳ ನಡುವಿನ ತೆಳುಚರ್ಮದಿಂದ ಹೀರಿಕೊಳ್ಳುತ್ತದೆ. ನೀರು ಬರುವ ದಾರಿಯಲ್ಲಿ ನೀರಿನಲ್ಲಿ ಕರಗಿದ್ದೂ ಬರುತ್ತದೆ. 2013ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಆಗಷ್ಟೇ ನೆಲಕ್ಕೆ ಬಂದ ಮರಿಗಪ್ಪೆಗಳ ಮೇಲೆ ಏಳು ಬಗೆಯ ಔಷಧಿಗಳನ್ನು ಹೊಲಕ್ಕೆ ಹೊಡೆಯುವ ಪ್ರಮಾಣದಲ್ಲೇ ಸಿಂಪಡಿಸಿ ನೋಡಿದರು. ಏಳು ದಿನಗಳಲ್ಲಿ ಔಷಧಿಗೆ ತಕ್ಕಂತೆ ಶೇ 20ರಿಂದ ಶೇ 100ರವರೆಗೆ ಸತ್ತವು. ಒಂದು ಶಿಲೀಂಧ್ರನಾಶಕ ಒಂದೇ ಗಂಟೆಯಲ್ಲಿ ಎಲ್ಲವನ್ನೂ ಕೊಂದಿತು. ಅದೇ ವಿಷವಸ್ತು, ಬೆರೆಸಿದ ದ್ರಾವಕ ಕಡಿಮೆಯಿದ್ದ ಇನ್ನೊಂದು ಡಬ್ಬಿಯಲ್ಲಿ ಐದರಲ್ಲೊಂದು ಪಾಲನ್ನು ಮಾತ್ರ ಕೊಂದಿತ್ತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವಿಷಕ್ಕಿಂತ ಅದನ್ನು ಕರಗಿಸಲು ಹಾಕಿದ ದ್ರಾವಕವೂ ಚರ್ಮಕ್ಕೆ ಅಷ್ಟೇ ಮುಖ್ಯ ಎಂದಾಯಿತು.

ಹಾಗೆಂದು ಎಲ್ಲ ವಿಷಕ್ಕೂ ಮೊದಲು ಸಾಯುವುದು ಕಪ್ಪೆ ಎನ್ನುವುದು ಸರಿಯಲ್ಲ. ಎಷ್ಟು ವಿಷ ಎಷ್ಟು ಜೀವ ತೆಗೆಯುತ್ತದೆ ಎಂಬ ಸಾವಿರಾರು ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದವರು, ನೀರಿನ ಸೂಕ್ಷ್ಮ ಸಿಗಡಿಯಂಥ ಜೀವಿಗಳು ಎಷ್ಟೋ ವಿಷಗಳಿಗೆ ಕಪ್ಪೆಗಿಂತ ಬೇಗ ಬಲಿಯಾಗುತ್ತವೆ ಎಂದು ಕಂಡುಕೊಂಡಿದ್ದಾರೆ. ಕಪ್ಪೆಯ ಬಲಹೀನತೆ ಇರುವುದು ಮುಖ್ಯವಾಗಿ ಸಮಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಹೊಂಡ ಒಣಗುವ ಮೊದಲು ನಾಲ್ಕು ಕಾಲು ಬಂದಿರಬೇಕು. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಿಕ್ ರೆಲಿಯಾ 2008ರಲ್ಲಿ ಪ್ರಕಟಿಸಿದ ಪ್ರಯೋಗ.

ಅವರು ಬಯಲಿನಲ್ಲಿ ದೊಡ್ಡ ತೊಟ್ಟಿಗಳನ್ನಿಟ್ಟು, ಪಾಚಿ, ಸೂಕ್ಷ್ಮಜೀವಿಗಳ ಜೊತೆಗೆ ಎರಡು ಜಾತಿಯ ಗೊದಮೊಟ್ಟೆಗಳನ್ನು ಬಿಟ್ಟು, ಪುಟ್ಟ ಹೊಂಡಗಳನ್ನೇ ಮಾಡಿದರು. ಕೆಲವಕ್ಕೆ ಮ್ಯಾಲಥಿಯಾನ್ ಎಂಬ ಕೀಟನಾಶಕವನ್ನು ಒಂದೇ ಸಲ ಹಾಕಿದರು. ಇನ್ನು ಕೆಲವಕ್ಕೆ ಲೀಟರಿಗೆ 10 ಮೈಕ್ರೋಗ್ರಾಂನಂತೆ ವಾರಕ್ಕೊಮ್ಮೆ ಹಾಕುತ್ತ ಹೋದರು. ಇದು ಎಷ್ಟು ಸ್ವಲ್ಪವೆಂದರೆ ಸಾವಿರ ಲೀಟರ್ ನೀರಿಗೆ ಒಂದು ಗ್ರಾಮಿನ ನೂರನೇ ಒಂದು ಪಾಲು. ಗೊದಮೊಟ್ಟೆಯನ್ನು ನೇರವಾಗಿ ಕೊಲ್ಲಲು ಅದು ಏನೇನೂ ಸಾಲದು.

ಆದರೆ ತೇಲುವ ಪಾಚಿಯನ್ನು ತಿನ್ನುವ, ಕಣ್ಣಿಗೆ ಚುಕ್ಕಿಯಂತೆ ಕಾಣುವ ನೀರ ಚಿಗಟದಂಥ ಜೀವಿಗಳನ್ನು ಕೊಲ್ಲಲು ಅಷ್ಟು ಸಾಕಿತ್ತು. ಅವು ಸತ್ತ ಮೇಲೆ ತೇಲುವ ಪಾಚಿಯನ್ನು ತಿನ್ನುವವರಿಲ್ಲದೆ ನೀರು ಹಸಿರಾಯಿತು. ಹಸಿರು ನೀರು ತಳಕ್ಕೆ ಬೆಳಕನ್ನು ಬಿಡಲಿಲ್ಲ. ಬೆಳಕಿಲ್ಲದೆ ಕಲ್ಲಿಗೂ ತಳಕ್ಕೂ ಅಂಟಿ ಬೆಳೆಯುವ ಪಾಚಿ ಕಡಿಮೆಯಾಯಿತು. ಗೊದಮೊಟ್ಟೆಯ ಊಟ ಅದೇ. ಬೇಗ ರೂಪ ಬದಲಿಸುವ ಒಂದು ಜಾತಿ ಅಷ್ಟರಲ್ಲಿ ನೆಲ ಸೇರಿಯಾಗಿತ್ತು, ಅದಕ್ಕೇನೂ ಆಗಲಿಲ್ಲ. ನಿಧಾನವಾಗಿ ಬೆಳೆಯುವ ಚಿರತೆ ಚುಕ್ಕೆಯ ಕಪ್ಪೆಯ ಗೊದಮೊಟ್ಟೆಗಳು ಅರೆಹೊಟ್ಟೆಯಲ್ಲಿ ಉಳಿದು, ನೀರು ಇಂಗುವ ವೇಳೆಗೆ ಕಾಲು ಬಲಿಯದೆ ಸತ್ತವು. ಸತ್ತದ್ದು ಸುಮಾರು ಶೇ 43. ಒಂದೇ ಸಲ 25 ಪಟ್ಟು ಹೆಚ್ಚು ಹಾಕಿದ ತೊಟ್ಟಿಗಿಂತ ವಾರವಾರ ಚೂರುಚೂರು ಹಾಕಿದ ತೊಟ್ಟಿಯಲ್ಲಿ ಹಾನಿ ಹೆಚ್ಚು, ಏಕೆಂದರೆ ನೀರ ಚಿಗಟಗಳಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗಲಿಲ್ಲ.

ವಿಷಪರೀಕ್ಷೆ ಸಾಮಾನ್ಯವಾಗಿ ನಾಲ್ಕು ದಿನದ್ದು. ಗಾಜಿನ ಪಾತ್ರೆಯಲ್ಲಿ ಗೊದಮೊಟ್ಟೆ ಬಿಟ್ಟು, ನಾಲ್ಕು ದಿನದಲ್ಲಿ ಎಷ್ಟು ಸತ್ತವೆಂದು ಎಣಿಸುತ್ತಾರೆ. ರೆಲಿಯಾ ಅವರ ತೊಟ್ಟಿಯಲ್ಲಿ ನಡೆದದ್ದು ಅಂಥ ಪಾತ್ರೆಯಲ್ಲಿ ಕಾಣಲಾರದು. ಅಲ್ಲಿ ನೀರ ಚಿಗಟವಿಲ್ಲ, ಕಲ್ಲಿನ ಪಾಚಿಯಿಲ್ಲ, ನೀರು ಒಣಗುವುದೂ ಇಲ್ಲ.

ಮ್ಯಾಲಥಿಯಾನ್ ನಮ್ಮ ದೇಶದಲ್ಲೂ ಬೆಳೆಗೆ, ಸೊಳ್ಳೆಗೆ ಬಳಕೆಯಾದ ಔಷಧಿ. ನಮ್ಮಲ್ಲಿ ಬಹುಪಾಲು ಕಪ್ಪೆಗಳು ಮೊಟ್ಟೆಯಿಡುವುದು ಮುಂಗಾರಿನಲ್ಲಿ, ಮುಂಗಾರು ಬೆಳೆಗೆ ಔಷಧಿ ಹೊಡೆಯುವುದೂ ಅದೇ ತಿಂಗಳುಗಳಲ್ಲಿ. ನಿಮ್ಮ ಹೊಲದ ಬದಿಯ ಹೊಂಡದ ಪಾಡನ್ನು ತಿಳಿಯಲು ಸತ್ತ ಗೊದಮೊಟ್ಟೆ ಹುಡುಕುವುದರಿಂದ ಪ್ರಯೋಜನವಿಲ್ಲ, ಅವು ಒಂದೆರಡು ದಿನದಲ್ಲಿ ಕೊಳೆತು ಹೋಗುತ್ತವೆ. ತಳದ ಕಲ್ಲನ್ನು ಬೆರಳಿನಿಂದ ಸವರಿ ನೋಡಿ, ಪಾಚಿ ಜಾರುತ್ತದೆಯೇ ಎಂದು. ನೀರು ತಿಳಿಯಾಗಿದೆಯೋ ಹಸಿರು ಕಟ್ಟಿದೆಯೋ ಗಮನಿಸಿ. ಹಿಂಗಾಲು ಬಂದು ಮುಂಗಾಲು ಬಾರದೆ ದಿನ ತಳ್ಳುತ್ತಿರುವ ಗೊದಮೊಟ್ಟೆಗಳೇ ತುಂಬಿದ್ದು, ನೀರು ಇಳಿಯುತ್ತಿದ್ದರೆ, ಅಂಚಿನ ಒದ್ದೆ ಮಣ್ಣಿನ ಮೇಲೆ ಕೂರುವ ಮರಿಗಪ್ಪೆಗಳನ್ನು ಎಣಿಸಿ. ಆ ವರ್ಷ ಎಷ್ಟು ಕಪ್ಪೆಗಳು ಪಾರಾದವು ಎಂಬುದಕ್ಕೆ ಅದೊಂದೇ ಲೆಕ್ಕ.