ಕೊನೆಯ ಸ್ಲೈಡ್‌ನಿಂದ ಓದಿನ ಪಟ್ಟಿಗೆ

ಪಶ್ಚಿಮ ಘಟ್ಟದ ಕುರಿತ ಉಪನ್ಯಾಸದ ಕೊನೆಯ ಸ್ಲೈಡ್‌ನಲ್ಲಿ ಬರೀ ವರದಿಗಳ ಹೆಸರಿದ್ದರೆ, ಯಾವುದನ್ನು ಮೊದಲು ಓದಬೇಕೆಂದು ವಿದ್ಯಾರ್ಥಿಗೆ ತಿಳಿಯದು. ಪ್ರತಿ ಆಕರವೂ ಯಾವ ಸ್ಲೈಡ್‌ನ ಮಾತಿಗೆ ಆಧಾರವೆಂದು ಗುರುತಿಸಿ. ಯಾವುದಕ್ಕೂ ಹೊಂದದ್ದನ್ನು ಕೈಬಿಡಿ. ಆಮೇಲೆ ಮೂಲವನ್ನೇ ತೆರೆದು ಎರಡು ಮೂರು ವಾಕ್ಯದ ಟಿಪ್ಪಣಿ ಬರೆಯಿರಿ. ‘ಉತ್ತಮ ಕೃತಿ’ ಎಂದಷ್ಟೇ ಬರೆದರೆ ಓದುಗರಿಗೆ ಏನೂ ಸಿಗುವುದಿಲ್ಲ. ಹೀಗಿರಲಿ:

‘ಗಾಡ್ಗೀಳ್ ಸಮಿತಿ, 2011: ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸುತ್ತದೆ. ಮೊದಲು ಇದನ್ನು ಓದಿ.’

‘ಕಸ್ತೂರಿರಂಗನ್ ಸಮಿತಿ, 2013: ಸುಮಾರು ಶೇ 37ರಷ್ಟನ್ನು ಮಾತ್ರ ಸೂಕ್ಷ್ಮ ಪ್ರದೇಶವೆನ್ನುತ್ತದೆ. ಘಟ್ಟದ ಗಡಿಯನ್ನೇ ಎರಡು ಸಮಿತಿಗಳು ಬೇರೆ ಬೇರೆಯಾಗಿ ಎಳೆದಿವೆ. ಹೋಲಿಸುವ ಮುನ್ನ ಎರಡೂ ನಕ್ಷೆಗಳನ್ನು ನೋಡಿ.’